ಎಂಟೇ ತಾಸು

ಸೋಮವಾರ ಬೆಳಿಗ್ಗೆ ಶಿವದೇವಿ ಒಂದು ಹಾಳೆಯ ಐದು ಪ್ರತಿ ತೆಗೆದಳು. ಅದಕ್ಕೆ ತಲೆಬರಹ ಇರಲಿಲ್ಲ. ಅಂಥ ಹಾಳೆಗೆ ಯಾರೂ ತಲೆಬರಹ ಹಾಕುವುದಿಲ್ಲ. ಎಡಕ್ಕೆ ಪ್ರಶ್ನೆ, ಬಲಕ್ಕೆ ಉತ್ತರ. ಕೆಲಸ ಯೋಜನೆಯ ಪ್ರಕಾರ ನಡೆದಿದೆಯೇ? ನಡೆದಿದೆ. ದಿನಕ್ಕೆ ಎಷ್ಟು ತಾಸು ಕೆಲಸ? ಎಂಟು. ಹೆಚ್ಚು ಹೊತ್ತು ಕೂಡುವುದುಂಟೆ? ‘ಕಲಿಯುವ ಆಸೆಯಿಂದ ನಾವೇ ಒಮ್ಮೊಮ್ಮೆ ಕೂಡುತ್ತೇವೆ.’ ಈ ಕೊನೆಯ ವಾಕ್ಯ ಬರೆದಾಗ ಅವಳಿಗೆ ಸ್ವಲ್ಪ ಹೆಮ್ಮೆಯೂ ಆಗಿತ್ತು. ಎಷ್ಟು ಸಹಜವಾಗಿ ಬಂತು ಅಂದುಕೊಂಡಿದ್ದಳು. ಆ ಹೆಮ್ಮೆಯನ್ನು ಮುಂದೆ ನೆನೆದಾಗಲೆಲ್ಲ ಅವಳ ಕಿವಿಗಳು ಬಿಸಿಯಾಗುತ್ತಿದ್ದವು.

ಗಚ್ಚಿಬೌಲಿಯ ಗಾಜಿನ ಕಟ್ಟಡದ ಆರನೇ ಮಹಡಿಯಲ್ಲಿ ಹದಿನಾಲ್ಕು ಜನರ ತಂಡಕ್ಕೆ ಅವಳು ಮ್ಯಾನೇಜರು. ಒಂಬತ್ತು ಆಸ್ಪತ್ರೆಗಳ ಒಂದು ಸಮೂಹಕ್ಕೆ ರಕ್ತನಿಧಿಯ ಸಾಫ್ಟ್‌ವೇರ್ ಮಾಡಿಕೊಡುವ ಕೆಲಸ ಅವರದು. ಯಾವ ಚೀಲದಲ್ಲಿ ಯಾವ ಗುಂಪಿನ ರಕ್ತ, ಎಂದಿಗೆ ಕೆಡುತ್ತದೆ, ಯಾವ ರೋಗಿಗೆ ಹೊಂದುತ್ತದೆ ಎಂಬುದನ್ನೆಲ್ಲ ಅದು ಹೇಳಬೇಕು. ಆಗಸ್ಟ್ ಒಂದಕ್ಕೆ ಚಾಲೂ ಆಗಬೇಕು. ಈಗ ಮೇ ತಿಂಗಳು. ಪ್ರತಿವಾರದ ವರದಿಯಲ್ಲಿ ಎಲ್ಲ ಸಾಲೂ ಹಸಿರು, ಅಂದರೆ ಎಲ್ಲವೂ ಸರಿಯಿದೆ. ಇಷ್ಟೊಂದು ಹಸಿರು ಕಂಡು ಆಸ್ಪತ್ರೆಯವರಿಗೇ ಅನುಮಾನ ಬಂದು, ಪ್ರಾಜೆಕ್ಟಿನ ಆರೋಗ್ಯ ನೋಡಲು ಎರಡೂ ಕಡೆಗೆ ಸೇರದ ಒಬ್ಬ ಪರಿಶೀಲಕರನ್ನು ಕಳಿಸಿದ್ದರು. ತಂಡದ ಐದು ಮಂದಿಯನ್ನು ಅವರು ಒಬ್ಬೊಬ್ಬರಾಗಿ ಮಾತಾಡಿಸುವವರಿದ್ದರು.

ಹಾಳೆಯ ಕೊನೆಯ ಪ್ರತಿ ಗುಣವತಿಗೆ. ಸಾಫ್ಟ್‌ವೇರ್ ಪರೀಕ್ಷೆಯ ಕೆಲಸ ನೋಡಿಕೊಳ್ಳುವವಳು, ಯಾದಗಿರಿ ಕಡೆಯ ಹುಡುಗಿ, ಮೆಹದಿಪಟ್ಟಣಂನಲ್ಲಿ ಎರಡು ಕೋಣೆಯ ಮನೆ. ಕಂಪನಿಯ ನೌಕರಳಲ್ಲ, ಏಜೆನ್ಸಿಯಿಂದ ಬಂದವಳು. ಪಗಾರ ತಾಸಿನ ಲೆಕ್ಕದಲ್ಲಿ.

"ಅಕ್ಕಾ, ಇದನ್ನ ಬಾಯಿಪಾಠ ಮಾಡಬೇಕೇನು?"

"ಬಾಯಿಪಾಠ ಅಲ್ಲವ್ವ. ಒಮ್ಮೆ ಕಣ್ಣಾಡಿಸು."

"ಹತ್ತನೇ ಕ್ಲಾಸಿನ್ಯಾಗ ಗೈಡ್ ಓದಿದಂಗ ಆತು ಬಿಡ್ರಿ," ಎಂದು ಗುಣವತಿ ನಕ್ಕಳು. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಪರ್ಸಿನಲ್ಲಿಟ್ಟುಕೊಂಡಳು. "ನೀವು ಹೇಳಿದ್ದು ಮೀರತೀನೇನು ಅಕ್ಕಾ."

ಮಂಗಳವಾರ ಬಂದ ಪರಿಶೀಲಕರ ಹೆಸರು ನರಹರಿ. ಕೇಂದ್ರ ಸರಕಾರದ ಉದ್ದಿಮೆಯೊಂದರಲ್ಲಿ ಮೂವತ್ತು ವರ್ಷ ಪ್ರಾಜೆಕ್ಟುಗಳನ್ನೇ ನಡೆಸಿ ನಿವೃತ್ತರಾದವರು, ಬಿಜಾಪುರದ ಕಡೆಯವರು. ಅರ್ಧ ತೋಳಿನ ಬಿಳಿ ಅಂಗಿ, ಹೆಗಲಿಗೆ ಬಟ್ಟೆಚೀಲ. ಶಿವದೇವಿಯ ಮೇಲಿನ ಡೈರೆಕ್ಟರ್ ಚೇತನಕುಮಾರ ಹಿಂದಿನ ದಿನವೇ ಅವಳ ಕಿವಿಯಲ್ಲಿ ಊದಿದ್ದ: "ನಿಮ್ಮ ಕಡೆಯವರಂತ್ರಿ. ಕನ್ನಡದಾಗ ಮಾತಾಡ್ರಿ, ಚಲೋ ಹೋಟೆಲಿಗೆ ಕರ್ಕೊಂಡು ಹೋಗ್ರಿ. ಮನುಷ್ಯ ಮೆತ್ತಗ ಆಗತಾನ."

ಅವಳು ಊಟಕ್ಕೆ ಕರೆದಾಗ ನರಹರಿ ಚೀಲ ತಟ್ಟಿ ತೋರಿಸಿದರು. "ಬುತ್ತಿ ತಂದೀನ್ರಿ ತಾಯಿ. ಯಾರ ಮನಿ ನೋಡಾಕ ಬಂದೀನೋ ಅವರ ಮನ್ಯಾಗ ಉಣ್ಣಂಗಿಲ್ಲ. ತಪ್ಪು ತಿಳೀಬ್ಯಾಡ್ರಿ." ಮಾತು ಮೃದುವಾಗಿಯೇ ಇತ್ತು. ಶಿವದೇವಿಗೆ ಮಾತ್ರ ಬಾಗಿಲು ಮುಚ್ಚಿದ ಸದ್ದು ಕೇಳಿಸಿತು.

ಆಮೇಲೆ ಪ್ರಶ್ನೆ ಶುರುವಾದವು.

"ಈ ಆಗಸ್ಟ್ ಒಂದು ಅನ್ನೋ ತಾರೀಖು ಯಾರು ಇಟ್ಟದ್ದು?"

"ಒಪ್ಪಂದದಾಗ ಐತ್ರಿ ಸರ್."

"ಒಪ್ಪಂದ ನಾನೂ ಓದೀನಿ. ಕೆಲಸ ಮಾಡೋರನ್ನ ಕೇಳಿ ತಾರೀಖು ಇಟ್ರೋ, ತಾರೀಖು ಇಟ್ಟು ಆಮ್ಯಾಲೆ ಕೆಲಸ ಹಂಚಿದ್ರೋ?"

ಅವಳು ನೀರು ಕುಡಿದಳು. ಅವರು ಅದನ್ನೇ ಉತ್ತರವೆಂದು ಬರೆದುಕೊಂಡರು.

"ಪರೀಕ್ಷೆ ತೊಂಬತ್ತು ಪರ್ಸೆಂಟ್ ಅಂತ ಬರದೀರಿ. ಐದು ವಾರದಿಂದ ತೊಂಬತ್ತೇ ಐತಿ. ತೊಂಬತ್ತು ಅಂದ್ರ ಏನ್ರಿ? ಬರದಿಟ್ಟ ಪರೀಕ್ಷೆನೋ, ನಡೆಸಿದ್ದೋ, ಪಾಸಾದದ್ದೋ?"

"ಬರದಿಟ್ಟದ್ರಿ."

"ನಡೆಸಿದ್ದು?"

"ಅರ್ಧಕ್ಕಿಂತ ಸ್ವಲ್ಪ ಮ್ಯಾಲೆ."

"ಪಾಸಾದದ್ದು?"

"ನೋಡಿ ಹೇಳತೀನ್ರಿ."

"ನೋಡೀರಿ ನೀವು," ಎಂದರು ನರಹರಿ, ಅಷ್ಟೇ ಮೃದುವಾಗಿ. "ಹೇಳಿಲ್ಲ ಅಷ್ಟ." ಅವರು ಪುಟ ತಿರುಗಿಸಿದರು. ಪ್ರಾಜೆಕ್ಟಿಗೆ ಬರಬಹುದಾದ ಅಪಾಯಗಳ ಪಟ್ಟಿ. ಅದನ್ನು ಜನವರಿಯಿಂದ ಯಾರೂ ಮುಟ್ಟಿರಲಿಲ್ಲ. ಪ್ರತಿ ಅಪಾಯದ ಎದುರೂ ಹೊಣೆ ಯಾರದು ಎಂಬ ಜಾಗದಲ್ಲಿ ‘ತಂಡ’ ಎಂದಿತ್ತು. "ಈ ತಂಡ ಅನ್ನೋ ಮನುಷ್ಯ ಎಲ್ಲಿ ಕುಂದರತಾನ್ರಿ? ಅವನ ಜೋಡಿ ಒಂದೀಟು ಮಾತಾಡಬೇಕು."

ಅವಳಿಗೆ ನಗು ಬರಲಿಲ್ಲ.

ಕೊನೆಗೆ ಖರ್ಚು. ಯೋಜನೆಯ ಗೆರೆ ನೀಲಿ, ನಿಜದ ಖರ್ಚಿನ ಗೆರೆ ಕಪ್ಪು. ಎರಡೂ ಒಂದರ ಮೇಲೊಂದು ಅಂಟಿಸಿದ ಹಾಗೆ ಕೂತಿದ್ದವು. ನರಹರಿ ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದರು. "ಮೂವರು ಬಿಟ್ಟು ಹೋಗ್ಯಾರ, ಇಬ್ಬರೇ ಬಂದಾರ. ಆಸ್ಪತ್ರೆಯವರು ಎರಡು ಸಲ ಹೊಸ ಬೇಡಿಕೆ ಸೇರಿಸ್ಯಾರ. ಕೆಲಸ ಹೆಚ್ಚಾತು, ಜನ ಕಡಿಮಿ ಆದ್ರು, ತಾಸು ಮಾತ್ರ ಒಂದೂ ಹೆಚ್ಚಾಗಿಲ್ಲ. ಹೆಂಗ್ರಿ ಇದು?"

"ತಂಡ ಚಲೋ ಐತ್ರಿ ಸರ್."

"ಅದೇನೋ ಖರೇನ," ಎಂದು ಅವರು ಪುಸ್ತಕ ಮುಚ್ಚಿದರು.

ಹೇಗೆ ಎಂಬುದು ಶಿವದೇವಿಗೆ ಗೊತ್ತಿತ್ತು, ಮಾಡಿದವಳೇ ಅವಳು. ಪ್ರತಿ ಶುಕ್ರವಾರ ಮಧ್ಯಾಹ್ನ ತಂಡದವರು ವಾರದ ತಾಸುಗಳನ್ನು ಅವಳಿಗೆ ಕಳಿಸಬೇಕು, ಅವಳು ಮಂಜೂರು ಮಾಡಬೇಕು. ಒಪ್ಪಂದದ ಹಣ ಮೊದಲೇ ನಿಗದಿಯಾದದ್ದು. ಹೆಚ್ಚಿನ ತಾಸು ಬರೆದರೆ ಅದು ಕಂಪನಿಯ ಮೈಮೇಲೆ ಬರುತ್ತದೆ. ಡಿಸೆಂಬರಿನಲ್ಲಿ ಚೇತನಕುಮಾರ ಕಾಫಿ ಮಷೀನಿನ ಮುಂದೆ ನಿಂತು, "ಎಂಟಕ್ಕ ನಿಲ್ಲಿಸ್ರಿ. ಜನರನ್ನಲ್ಲ, ಅಂಕಿನ," ಎಂದು ಕಣ್ಣು ಹೊಡೆದಿದ್ದ. ಅವಳು ನಿಲ್ಲಿಸಿದಳು. ಹನ್ನೊಂದು, ಹನ್ನೆರಡು ಬರೆದವರಿಗೆ ‘ದಯವಿಟ್ಟು ಸರಿಪಡಿಸಿ’ ಎಂದು ವಾಪಸು ಕಳಿಸಿದಳು. ಎರಡು ವಾರದಲ್ಲಿ ಎಲ್ಲರೂ ಕಲಿತರು. ಕಲಿಯದವಳು ಗುಣವತಿ ಒಬ್ಬಳೇ. ಅವಳು ಹನ್ನೊಂದು ದುಡಿದರೆ ಹನ್ನೊಂದನ್ನೇ ಬರೆದು ಕಳಿಸುತ್ತಿದ್ದಳು. ಅವಳ ಹಾಳೆಯನ್ನು ಏಜೆನ್ಸಿಗೆ ಹೋಗುವ ಮೊದಲು ಶಿವದೇವಿಯೇ ತಿದ್ದುತ್ತಿದ್ದಳು. ಮೊದಲ ತಿಂಗಳ ಪಗಾರ ನೋಡಿ ಗುಣವತಿ ಮುಖ ಸಣ್ಣದು ಮಾಡಿಕೊಂಡು ಬಂದಿದ್ದಳು. "ಅಕ್ಕಾ, ತಾಸು ಕಡಿಮಿ ಹಿಡದಾರಲ್ಲ." ಆಗ ಶಿವದೇವಿ ಹೇಳಿದ್ದು ಇಷ್ಟು: "ಏಜೆನ್ಸಿಯವರು ಹಂಗ ಅವ್ವ. ಕತ್ತರಸ್ತಾರ. ಆಗಸ್ಟ್ ಆಗಲಿ, ನಿನ್ನ ಕಾಯಂ ಮಾಡಸ್ತೀನಿ."

ಕಂಪನಿಗಳು ತಮ್ಮ ಕೈಯಿಂದ ಕಳುವು ಮಾಡುವುದಿಲ್ಲ. ಆ ಕೆಲಸಕ್ಕೆ ಒಳ್ಳೆಯ ಮನಸ್ಸಿನ ಮ್ಯಾನೇಜರುಗಳನ್ನು ಹುಡುಕಿ ಇಟ್ಟುಕೊಳ್ಳುತ್ತವೆ. ತಂಡದ ಹುಟ್ಟುಹಬ್ಬಕ್ಕೆ ಕೇಕು ತರಿಸುವ, ಜ್ವರ ಬಂದರೆ ಗುಳಿಗೆ ಕೊಡುವ, ಎಲ್ಲರಿಂದ ಅಕ್ಕಾ ಅನ್ನಿಸಿಕೊಳ್ಳುವ ಮ್ಯಾನೇಜರುಗಳನ್ನು.

ಬುಧವಾರ ಬೆಳಿಗ್ಗೆ ಕುಷಾಯಿಗೂಡದ ಮನೆಯಲ್ಲಿ ಚಹಾ ಕುಡಿಯುವಾಗ ಅಪ್ಪ ಕಲ್ಯಾಣಪ್ಪ ಕೇಳಿದರು. ಅಲ್ಲೇ ಹತ್ತಿರದ ಸರಕಾರಿ ಕಾರ್ಖಾನೆಯಲ್ಲಿ ಲೇತು ಮಷೀನಿಗೆ ನಿಂತು ಕೂದಲು ಹಣ್ಣು ಮಾಡಿಕೊಂಡವರು, ಯೂನಿಯನ್ನಿನ ಮನುಷ್ಯ.

"ನಿಮ್ಮಲ್ಲಿ ತಪಾಸಣಿಗೆ ಯಾರೋ ಬಂದಾರಂತಲ್ಲ. ಹುಡುಗರ ಓಟಿ, ಹೆಚ್ಚಿನ ತಾಸಿನ ಪಗಾರ, ಕೇಳಿದನೇನು ಅವ?"

"ಅಪ್ಪಾ, ನಮ್ಮಲ್ಲಿ ಓಟಿ ಅನ್ನೋದಿಲ್ಲ."

"ಅನ್ನೋದಿಲ್ಲೋ, ಕೊಡೋದಿಲ್ಲೋ?"

ಅವಳು ಚಹಾದ ಬಸ್ಸಿ ತೊಳೆಯುವ ನೆವದಲ್ಲಿ ಎದ್ದು ಒಳಗೆ ಹೋದಳು. ಅವಳಿಗೆ ಏಳು ವರ್ಷವಿದ್ದಾಗ ಈ ಅಪ್ಪ, ಸೈರನ್ ಆದ ಮೇಲೆ ಪುಸ್ತಕದಲ್ಲಿ ಬರೆಯದೆ ಕೆಲಸ ಮಾಡು ಎಂದ ಸೂಪರ್‌ವೈಸರನ ಮುಂದೆ ನಟ್ಟು ಬಿಗಿಯುವ ಪಾನಾ ಕೆಳಗಿಟ್ಟು, ಹನ್ನೊಂದು ದಿನ ಸಸ್ಪೆಂಡ್ ಆಗಿ ಮನೆಯಲ್ಲಿ ಕೂತಿದ್ದರು. ಆ ಕಥೆಯನ್ನು ಹೋದ ಮಹಿಳಾ ದಿನದಂದು ಅವಳು ತಂಡದ ಮುಂದೆ ಹೇಳಿ ಚಪ್ಪಾಳೆ ಗಿಟ್ಟಿಸಿದ್ದಳು. ಜೋರಾಗಿ ಚಪ್ಪಾಳೆ ಹೊಡೆದವಳು ಗುಣವತಿ. ನಳದ ಕೆಳಗೆ ಬಸ್ಸಿ ಹಿಡಿದುಕೊಂಡು ನಿಂತ ಶಿವದೇವಿ ಅದನ್ನು ಮೂರು ಸಲ ತೊಳೆದಳು.

ಗುರುವಾರ ಹನ್ನೊಂದಕ್ಕೆ ನರಹರಿ ಕರಡು ವರದಿ ಕೊಟ್ಟರು. ಕೋಣೆಯಲ್ಲಿ ಅವಳು ಮತ್ತು ಚೇತನಕುಮಾರ ಮಾತ್ರ. "ಅಭಿಪ್ರಾಯ ನಂದು, ಅದನ್ನ ಬದಲಿಸಂಗಿಲ್ಲ. ಸಂಗತಿ ತಪ್ಪಿದ್ರ ನಾಳೆ ಸಭೆಯೊಳಗ ಹೇಳ್ರಿ, ತಿದ್ದತೀನಿ," ಎಂದರು.

ಯೋಜನೆ: ಕೆಂಪು. ತಂಡ: ಕೆಂಪು. ಖರ್ಚಿನ ಎದುರು ಬಣ್ಣವನ್ನೇ ಹಾಕಿರಲಿಲ್ಲ. ‘ಅಂಕಿಗಳು ನಂಬುವಂತಿಲ್ಲ’ ಎಂದಿತ್ತು.

"ಯಾಕ್ರಿ ನಂಬಂಗಿಲ್ಲ?" ಎಂದ ಚೇತನಕುಮಾರ.

ನರಹರಿ ಚೀಲದಿಂದ ಒಂದು ಕಟ್ಟು ತೆಗೆದರು. ಗುಲಾಬಿ ಬಣ್ಣದ ಚೀಟಿಗಳ ಜೆರಾಕ್ಸ್. ಶಿವದೇವಿ ಕಂಡ ಕೂಡಲೇ ಗುರುತಿಸಿದಳು. ರಾತ್ರಿ ಎಂಟು ಗಂಟೆಯ ಮೇಲೆ ಹೆಣ್ಣುಮಕ್ಕಳು ಕೆಲಸದಲ್ಲಿದ್ದರೆ ಕಂಪನಿಯ ಕ್ಯಾಬಿನಲ್ಲಿ, ಕಾವಲುಗಾರನ ಜೊತೆ ಮನೆಗೆ ಕಳಿಸಬೇಕು. ಮ್ಯಾನೇಜರ್ ಸಹಿ ಇಲ್ಲದೆ ಗಾಡಿ ಹೊರಡುವುದಿಲ್ಲ. ಒಂದು ದಿನವೂ ಅವಳು ತಪ್ಪಿಸಿರಲಿಲ್ಲ. ಹುಡುಗಿಯರು ಮನೆ ಮುಟ್ಟಿದ ಮೆಸೇಜು ಬಂದ ಮೇಲೆಯೇ ಅವಳು ಮಲಗುತ್ತಿದ್ದಳು. ಇದೊಂದು ವಿಷಯದಲ್ಲಿ ತನ್ನ ಮೇಲೆ ಯಾರೂ ಬೆರಳು ತೋರಿಸುವಂತಿಲ್ಲ ಎಂದು ನಂಬಿದ್ದಳು.

"ಹತ್ತೊಂಬತ್ತು ವಾರದ ಚೀಟಿ. ಸಾರಿಗೆ ಮೇಜಿನವರು ಕೇಳಿದ ಕೂಡಲೇ ಕೊಟ್ರು. ಒಂಬತ್ತೂ ನಲವತ್ತು, ಹತ್ತೂ ಹತ್ತು, ಒಂಬತ್ತೂವರಿ. ಅದೇ ದಿನದ ತಾಸಿನ ಹಾಳಿ ನೋಡಿದ್ರ ಎಂಟು, ಎಂಟು, ಎಂಟು." ನರಹರಿ ಎರಡೂ ಕಾಗದ ಅಕ್ಕಪಕ್ಕ ಇಟ್ಟರು. ಎರಡರ ಕೆಳಗೂ ಒಂದೇ ಹೆಸರು. ಶಿವದೇವಿ. "ಹೆಣ್ಣುಮಕ್ಕಳನ್ನ ಕಾಳಜಿಲೆ ಕಳಿಸೀರಿ. ಅದು ಚಲೋ ಆತು ತಾಯಿ. ಅದಕ್ಕ ಇದು ಸಿಕ್ತು."

ಅವಳಿಗೆ ಮೇಜಿನ ಕೆಳಗೆ ಇಳಿದು ಕೂಡಬೇಕು ಅನ್ನಿಸಿತು.

"ಉಳಿದ ಕೆಲಸಕ್ಕ ನೀವು ಎಂಟು ತಾಸಿನ ದಿನ ಅಂತ ಲೆಕ್ಕ ಹಾಕೀರಿ. ಆದ್ರ ಇಷ್ಟು ದಿನದ ವೇಗ ಹನ್ನೊಂದು, ಹನ್ನೆರಡು ತಾಸು ದುಡಿಸಿ ಬಂದದ್ದು. ಜನ ನಾಳೆಯಿಂದ ಖರೇನ ಎಂಟು ತಾಸು ಮಾಡಿದ್ರ ಆಗಸ್ಟ್ ಎಲ್ಲಿಂದ ಬರತೈತ್ರಿ? ರಕ್ತ ಹೊಂದಿಸೋ ಭಾಗದ ಪರೀಕ್ಷಿನ ಪೂರ್ತಿ ನಡದಿಲ್ಲ. ದಣಿದ ಕಣ್ಣಿಗೆ ಬಿ ಯಾವುದು, ಒ ಯಾವುದು?" ಅವರು ಕಾಗದಗಳನ್ನು ಒಟ್ಟುಮಾಡಿದರು. "ಮತ್ತ ಇನ್ನೊಂದು. ತಂಡದಾಗ ಐದು ಮಂದಿ ನನಗ ಒಂದೇ ವಾಕ್ಯ ಹೇಳಿದ್ರು. ಕಲಿಯುವ ಆಸೆಯಿಂದ, ಅಂತ. ಯಾರು ಹೇಳಿದ್ರು ಅಂತ ಬರದಿಲ್ಲ, ಬರಿಯೋದೂ ಇಲ್ಲ. ಯಾರು ಹೇಳಿಸಿದ್ರು ಅನ್ನೋದು ನನಗ ಗೊತ್ತಿಲ್ಲ."

ವರದಿಯ ಆ ಸಾಲು ಹೀಗಿತ್ತು: ‘ತಾಸುಗಳು ಯಾವ ಹಂತದಲ್ಲಿ, ಯಾರಿಂದ ಕಡಿಮೆಯಾದವು ಎಂಬುದು ಖಚಿತವಾಗಿಲ್ಲ.’

ಅವರು ಹೋದ ಮೇಲೆ ಚೇತನಕುಮಾರ ಆ ಸಾಲಿನ ಮೇಲೆ ಬೆರಳಿಟ್ಟ. "ಇಲ್ಲಿ ಜಾಗ ಬಿಟ್ಟಾನ ನೋಡ್ರಿ ಮುದುಕ. ತುಂಬಿಬಿಡ್ರಿ. ಪರೀಕ್ಷಾ ವಿಭಾಗದ ಗುಣವತಿ ತಾಸು ತಪ್ಪು ಬರದಾಳ, ಕೆಲಸ ಹಿಂದ ಬಿದ್ದದ್ದು ಮುಚ್ಚಿಟ್ಟಾಳ, ಉಳಿದವರು ಆಕಿನ್ನ ನೋಡಿ ಹಂಗ ಮಾಡ್ಯಾರ. ಮ್ಯಾನೇಜರಿಗೆ ಗೊತ್ತಾಗಲಿಲ್ಲ."

"ಸರ್, ಆಕಿ ಖರೇನ ಬರದಿದ್ಲು."

"ಏಜೆನ್ಸಿಯಾಕಿ. ನಾಳೆ ಬ್ಯಾರೆ ಯಾರನ್ನೋ ಕಳಸ್ತಾರ."

"ಎಂಟಕ್ಕ ನಿಲ್ಲಿಸ್ರಿ ಅಂದವರು ನೀವು."

"ಅಂದಿದ್ದೆನೇನು?" ಅವನು ಎದ್ದು ಕುರ್ಚಿಯನ್ನು ಮೇಜಿನೊಳಗೆ ಸರಿಸಿದ. "ಎಲ್ಲಿ ಐತಿ ಬರಹದಾಗ? ಸಹಿ ನಿಮ್ಮದು, ಶಿವದೇವಿಯವರೇ. ನಿಮ್ಮನ್ನ ಉಳಿಸಾಕ ಹೇಳಾಕತ್ತೀನಿ."

ಅವಳು ತನ್ನ ಜಾಗಕ್ಕೆ ಬಂದು ಲ್ಯಾಪ್‌ಟಾಪ್ ತೆರೆದಳು. ಹೇಳಲೇಬೇಕು, ಅವನು ಹೇಳಿದ ವಾಕ್ಯವನ್ನು ಬರೆದಳು. ಗುಣವತಿಯ ಹೆಸರಿಟ್ಟು ಬರೆದಳು. ಒಂದು ಸಲ ತಿದ್ದಿದಳು ಕೂಡ. ‘ಮುಚ್ಚಿಟ್ಟಳು’ ಅನ್ನುವುದು ಒರಟಾಯಿತೆಂದು ‘ತಿಳಿಸಲಿಲ್ಲ’ ಮಾಡಿದಳು. ಮನೆಯ ಸಾಲದ ಕಂತು ನೆನಪಾಯಿತು, ಅಪ್ಪನ ಔಷಧ ನೆನಪಾಯಿತು. ನೆನಪುಗಳೆಲ್ಲ ಒಂದೇ ಪಕ್ಷ ಹಿಡಿದು ಸಾಲಾಗಿ ನಿಂತಿದ್ದವು.

"ಅಕ್ಕಾ."

ಗುಣವತಿ ಪಕ್ಕದಲ್ಲೇ ನಿಂತಿದ್ದಳು, ಕೈಯಲ್ಲಿ ಡಬ್ಬಿ. ಶಿವದೇವಿ ಲ್ಯಾಪ್‌ಟಾಪನ್ನು ಬಡಿದು ಮುಚ್ಚಿದಳು.

"ಮುಂಜಲು ತಂದೀನಿ. ಮೆಹದಿಪಟ್ಟಣಂ ಬಸ್ ಸ್ಟಾಪಿನ ಹತ್ರ ಎಳೇವು ಬಂದಿದ್ವು. ಈ ಬಿಸಲಾಗ ನಿಮ್ಮ ಮಾರಿ ನೋಡ್ರಿ ಹೆಂಗ ಬಾಡೈತಿ." ಡಬ್ಬಿಯ ಮುಚ್ಚಳ ತೆಗೆದಳು, ತಾಳೆಹಣ್ಣಿನ ಬಿಳಿ ನುಂಗುಗಳು, ನೀರು ತುಂಬಿಕೊಂಡು ಅಲುಗುತ್ತಿದ್ದವು. ಆಮೇಲೆ ಬಗ್ಗಿ, ದನಿ ತಗ್ಗಿಸಿ ಹೇಳಿದಳು: "ಚಿಂತಿ ಮಾಡಬ್ಯಾಡ್ರಿ. ನಾ ಒಂದು ಅಕ್ಷರ ಬಿಡಲಿಲ್ಲ. ಆ ಅಜ್ಜ ಎರಡೆರಡು ಸಲ ಕೇಳಿದ. ಖರೇ ಹೇಳವ್ವ, ನಿನ್ನ ಹೆಸರು ಎಲ್ಲೂ ಬರಂಗಿಲ್ಲ, ಅಂದ. ನಾ ಅಂದೆ, ಎಂಟೇ ತಾಸು ರಿ. ನಿಮಗ ಏನೂ ಆಗಬಾರದಲ್ಲಕ್ಕಾ."

ಶಿವದೇವಿ ಒಂದು ನುಂಗು ಬಾಯಿಗೆ ಹಾಕಿಕೊಂಡಳು. ಡಬ್ಬಿಯನ್ನು ಮುಚ್ಚಿದ್ದ ಲ್ಯಾಪ್‌ಟಾಪಿನ ಮೇಲೆಯೇ ಇಟ್ಟುಕೊಂಡಳು.

ಶುಕ್ರವಾರ ಮೂರು ಗಂಟೆಗೆ ಕೊನೆಯ ಸಭೆ. ಆಸ್ಪತ್ರೆ ಸಮೂಹದಿಂದ ಡಾಕ್ಟರ್ ವಿಜಯಶ್ರೀ ಬಂದಿದ್ದರು, ರಕ್ತನಿಧಿಯ ಮುಖ್ಯಸ್ಥೆ. ಚೇತನಕುಮಾರ ಅವರ ಪಕ್ಕದಲ್ಲಿ. ತಂಡದ ಐದು ಮಂದಿ ಗೋಡೆಗೆ ಒತ್ತಿ ಕೂತಿದ್ದರು. ನರಹರಿ ವರದಿ ಓದಿ ಮುಗಿಸಿ ಕೇಳಿದರು: "ಸಂಗತಿಯೊಳಗ ತಿದ್ದೋದು ಏನರ ಐತೇನ್ರಿ?"

ಚೇತನಕುಮಾರ ಶಿವದೇವಿಯ ಕಡೆ ನೋಡಿದ. ನೋಟವಲ್ಲ, ನೂಕು.

ಅವಳು ಎದ್ದು ನಿಂತಳು. ಹಾಗೆ ನಿಲ್ಲುವ ರೂಢಿ ಇಂಥ ಸಭೆಗಳಲ್ಲಿ ಇಲ್ಲ. ಕಾಲುಗಳು ತಾವಾಗಿ ಎದ್ದವು.

"ಒಂದು ಸಾಲು ಐತ್ರಿ. ತಾಸು ಯಾರು ಕಡಿಮಿ ಮಾಡಿದ್ರು ಖಚಿತ ಇಲ್ಲ ಅಂತ ಬರದೀರಿ. ನಾನು ಮಾಡೀನ್ರಿ. ಹತ್ತೊಂಬತ್ತು ವಾರ. ಡೈರೆಕ್ಟರ್ ಸರ್ ಬಾಯಲೆ ಹೇಳಿದ್ರು, ನಾನು ಕೈಲೆ ಮಾಡಿದೆ. ಉಳಿದವರು ತಮ್ಮ ಹಾಳಿ ತಾವ ತಿದ್ದೋ ಹಂಗ ಮಾಡಿದೆ. ಗುಣವತಿ ತನ್ನ ತಾಸು ಒಂದು ದಿನಾನೂ ಸುಳ್ಳು ಬರದಿಲ್ಲ. ಆಕಿ ಹಾಳಿ ಏಜೆನ್ಸಿಗೆ ಹೋಗೋಕಿಂತ ಮೊದಲ ನಾನ ತಿದ್ದತಿದ್ದೆ. ಏಜೆನ್ಸಿಯವರು ಕತ್ತರಸ್ತಾರ ಅಂತ ಆಕಿಗೆ ಹೇಳಿದ್ದೂ ನಾನ." ಕುರ್ಚಿಯ ಬೆನ್ನು ಹಿಡಿದು ಮುಂದುವರಿಸಿದಳು. "ಐದು ಮಂದಿ ಹೇಳಿದ ವಾಕ್ಯಾನೂ ನಂದ. ಹಾಳಿ ಮ್ಯಾಲೆ ಬರದು ಹಂಚಿದ್ದೆ."

ಗೋಡೆಯ ಕಡೆ ನೋಡಬಾರದು ಎಂದುಕೊಂಡಿದ್ದಳು. ನೋಡಿದಳು. ಗುಣವತಿಗೆ ಅಳುವಿರಲಿಲ್ಲ, ಸಿಟ್ಟೂ ಇರಲಿಲ್ಲ. ಪರ್ಸಿನಿಂದ ನಾಲ್ಕು ಮಡಿಕೆಯ ಆ ಹಾಳೆಯನ್ನು ತೆಗೆದು, ಬಿಡಿಸಿ, ಮೊದಲ ಸಲ ಓದುವವಳ ಹಾಗೆ ಓದುತ್ತಿದ್ದಳು.

"ಬಾಯಲೆ ಹೇಳಿದ್ದು ಅನ್ನೋದು ಆಧಾರ ಇಲ್ಲದ ಮಾತು," ಎಂದ ಚೇತನಕುಮಾರ ಇಂಗ್ಲಿಷಿನಲ್ಲಿ.

"ಬರಕೊಳ್ಳೋಣ," ಎಂದರು ನರಹರಿ. "ಮ್ಯಾನೇಜರ್ ಹಿಂಗ ಹೇಳಿದ್ರು, ಡೈರೆಕ್ಟರ್ ಅಲ್ಲಗಳೆದ್ರು. ಎರಡೂ."

ಡಾಕ್ಟರ್ ವಿಜಯಶ್ರೀ ಒಂದೇ ಒಂದು ಪ್ರಶ್ನೆ ಕೇಳಿದರು, ಅದೂ ಶಿವದೇವಿಗೆ: "ರಕ್ತ ಹೊಂದಿಸೋ ಪರೀಕ್ಷೆ ಮುಗಿದಿಲ್ಲ ಅಂತ ನಿಮಗೆ ಗೊತ್ತಿದ್ದೂ ಹಸಿರು ಅಂತ ಕಳಿಸ್ತಿದ್ರಾ?"

"ಹೌದ್ರಿ," ಎಂದಳು. ಆ ಎರಡಕ್ಷರಕ್ಕಿಂತ ಭಾರವಾದದ್ದನ್ನು ಅವಳು ಜೀವಮಾನದಲ್ಲಿ ಎತ್ತಿರಲಿಲ್ಲ.

ಮುಂದಿನದು ಬೇಗ ಬೇಗ ಆಯಿತು. ಆಗಸ್ಟ್ ಒಂದು ಹೋಯಿತು. ಕೆಲಸ ಮಾಡುವವರನ್ನು ಕೇಳಿ ಹೊಸ ಯೋಜನೆ ಮಾಡಬೇಕೆಂದು ಆಸ್ಪತ್ರೆಯವರು ಪಟ್ಟು ಹಿಡಿದರು, ತಾರೀಖು ಡಿಸೆಂಬರಿಗೆ ನಿಂತಿತು. ಶಿವದೇವಿಯನ್ನು ಮ್ಯಾನೇಜರ್ ಜಾಗದಿಂದ ತೆಗೆದರು. ಚೇತನಕುಮಾರ ಇದ್ದಲ್ಲೇ ಇದ್ದ; ಪಾರದರ್ಶಕತೆಯ ಮಹತ್ವ ಕುರಿತು ಎಲ್ಲರಿಗೂ ಒಂದು ಉದ್ದನೆಯ ಮೇಲ್ ಕಳಿಸಿದ. ಅದಕ್ಕೆ ಹದಿನೇಳು ಜನ ಮೆಚ್ಚುಗೆಯ ಹೆಬ್ಬೆರಳು ಒತ್ತಿದರು. ಗುಣವತಿಯನ್ನು ತೆಗೆಯಲಾಗಲಿಲ್ಲ. ಪರೀಕ್ಷೆಯ ಬಗ್ಗೆ ನಿಜ ಗೊತ್ತಿರುವವಳು ಅವಳೊಬ್ಬಳೇ, ಅವಳು ಇರಲೇಬೇಕು ಎಂದು ವರದಿಯಲ್ಲೇ ಇತ್ತು.

ಕಂಪನಿಯ ನಿಯಮದ ಪ್ರಕಾರ ಹಳೆಯ ತಾಸುಗಳನ್ನು ಮತ್ತೆ ಬರೆದು, ಆಗ ಮಂಜೂರು ಮಾಡಿದವರಿಂದಲೇ ಸಹಿ ಮಾಡಿಸಬೇಕಿತ್ತು. ಅದಕ್ಕಾಗಿ ಶಿವದೇವಿಯನ್ನು ಪ್ರಿಂಟರಿನ ಪಕ್ಕದ ಸಣ್ಣ ಮೇಜಿಗೆ ಕೂರಿಸಿದ್ದರು. ಒಬ್ಬೊಬ್ಬರೇ ಬಂದರು. ಕೆಲವರು ಪಾಪ ಅನ್ನುವ ಮುಖ ಮಾಡಿದರು, ಒಬ್ಬ ನಕ್ಕ. ಗುಣವತಿ ಕೊನೆಗೆ ಬಂದಳು. ಹತ್ತೊಂಬತ್ತು ಹಾಳೆ, ಅವಳದೇ ದುಂಡನೆಯ ಕೈಬರಹ.

ಶಿವದೇವಿ ಒಂದೊಂದನ್ನೂ ಓದಿ ಸಹಿ ಮಾಡಿದಳು. ಹನ್ನೊಂದು. ಹನ್ನೆರಡು. ಹನ್ನೊಂದು. ಫೆಬ್ರುವರಿಯ ಒಂದು ಗುರುವಾರದ ಎದುರು ಹದಿಮೂರು ಎಂದಿತ್ತು. ಆ ದಿನ ನೆನಪಿತ್ತು. ಗುಣವತಿಗೆ ಜ್ವರ, ಶಿವದೇವಿ ಹಣೆ ಮುಟ್ಟಿ ನೋಡಿ, ಗುಳಿಗೆ ನುಂಗಿಸಿ, ಇನ್ನೊಂದು ಸುತ್ತು ಪರೀಕ್ಷೆ ಮುಗಿಸಿಬಿಡವ್ವ ಎಂದಿದ್ದಳು. ಕ್ಯಾಬಿನ ಬಾಗಿಲವರೆಗೆ ತಾನೇ ಬಂದು ಹತ್ತಿಸಿದ್ದಳು. ಮರುದಿನ ಆ ಹದಿಮೂರನ್ನು ಅಳಿಸಿ ಎಂಟು ಮಾಡಿದ್ದಳು.

ಪೆನ್ನು ಆ ಸಾಲಿನ ಮೇಲೆ ನಿಂತಿತು.

"ಗುಣವತಿ, ಬಾಕಿ ಪಗಾರ ಪೂರಾ ಬರೋ ಹಂಗ ನಾ..."

"ಅದು ಬರತೈತ್ರಿ. ನರಹರಿ ಸರ್ ಬರದಾರ." ದನಿಯಲ್ಲಿ ಏನೂ ಇರಲಿಲ್ಲ. "ಎದುರಿಗೆ ಕುಂತ ಆ ಹಿರೇ ಮನುಷ್ಯಾಗ ಸುಳ್ಳು ಹೇಳಿದೆನಲ್ಲ, ಎರಡು ಸಲ. ಅದಕ್ಕ ಯಾವ ಹಾಳಿ ಐತ್ರಿ?"

ಶಿವದೇವಿ ಪೆನ್ನನ್ನು ಮೇಜಿನ ಮೇಲಿಟ್ಟಳು. ಪ್ರಿಂಟರು ಯಾರದೋ ಕಾಗದವನ್ನು ಉಗುಳುತ್ತ ಇತ್ತು.

ಗುಣವತಿ ಬೆರಳಿನಿಂದ ಫೆಬ್ರುವರಿಯ ಹಾಳೆಯನ್ನು ಅವಳ ಕಡೆ ಇನ್ನಷ್ಟು ಸರಿಸಿದಳು.

"ಸಹಿ ಮಾಡ್ರಿ, ಮೇಡಂ."